ಹಳೆಯ ಟ್ರೆಡ್‌ಮಿಲ್ ಮಾರಾಟಕ್ಕೆ ಹಾಕುವಾಗ ಏನೇನು ಬರೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಟ್ರೆಡ್‌ಮಿಲ್ ಮಾರಲು ಹೊರಟಾಗ ನಾನು ಮೊದಲು ಬರೆದದ್ದು ಒಂದೇ ಸಾಲು: "ಟ್ರೆಡ್‌ಮಿಲ್, 4 ಎಚ್‌ಪಿ, 110 ಕೇಜಿ, ಒಳ್ಳೆ ಕಂಡೀಷನ್." ಒಬ್ಬರು ಫೋನ್ ಮಾಡಿ, "ನಮ್ಮದು ಹಳೇ ಮದ್ರಾಸ್ ತಾರಸಿ ಮನೆ, 110 ಕೇಜಿ ಮಷೀನು ಮಾಳಿಗೆ ಮೇಲೆ ಇಟ್ಟರೆ ತಡೆಯುತ್ತಾ?" ಅಂತ ಕೇಳಿದರು. ಇನ್ನೊಬ್ಬರು ಓಮ್ನಿ ವ್ಯಾನಿನಲ್ಲಿ ತಮ್ಮನನ್ನು ಕರೆದುಕೊಂಡು ಬಂದರು. ಮೆಟ್ಟಿಲು ನೋಡಿದರು, ಮಷೀನು ನೋಡಿದರು, ಕಾಫಿ ಕುಡಿದು ವಾಪಸ್ ಹೋದರು. ಇಬ್ಬರದ್ದೂ ತಪ್ಪಿಲ್ಲ, ನಾನು ಬರೆದದ್ದೇ ಅರ್ಧಂಬರ್ಧ. ಆಮೇಲೆ ಸರಿಯಾಗಿ ಬರೆದೆ, ಮಾರಾಟವೂ ಆಯಿತು. ಅದಾದ ಮೇಲೆ ಅಕ್ಕಪಕ್ಕದವರು, ನೆಂಟರು, ಅವರ ಸ್ನೇಹಿತರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

### ತೂಕದ ಗೊಂದಲ

"ಫೋಟೋ, ರೇಟು ಹಾಕಿದರೆ ಸಾಕಲ್ವಾ? ಬೇಕಾದವರು ಫೋನ್ ಮಾಡಿ ಕೇಳ್ತಾರೆ."

ಕೇಳುತ್ತಾರೆ, ಆದರೆ ಕೇಳಬೇಕಾದ್ದನ್ನು ಕೇಳುವುದಿಲ್ಲ. "ಲಾಸ್ಟ್ ಎಷ್ಟು?" ಅಂತ ಕೇಳಿ ಬಂದೇ ಬಿಡುತ್ತಾರೆ. ಮಿಕ್ಸಿ ಆದರೆ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಟ್ರೆಡ್‌ಮಿಲ್ ಹಾಗಲ್ಲ. ಅದು ನಿಮ್ಮ ಬಾಗಿಲು ದಾಟಬೇಕು, ಮೆಟ್ಟಿಲು ಇಳಿಯಬೇಕು, ಗಾಡಿ ಹತ್ತಬೇಕು, ಅವರ ಮನೆಯ ಬಾಗಿಲೂ ದಾಟಬೇಕು. ಇದರಲ್ಲಿ ಒಂದು ತಪ್ಪಿದರೂ ಇಬ್ಬರ ಭಾನುವಾರವೂ ಹಾಳು.

ಆದ್ದರಿಂದ ನಾಲ್ಕು ವಿಷಯ ಬರೆಯಲೇಬೇಕು. ಎಷ್ಟು ತೂಕದವರು ಬಳಸಬಹುದು, ಮಷೀನಿನ ಅಳತೆ ಮತ್ತು ತೂಕ ಎಷ್ಟು, ಮೋಟಾರಿನ ನಿಜವಾದ ಶಕ್ತಿ ಎಷ್ಟು, ಅದನ್ನು ನಿಮ್ಮ ಮನೆಯಿಂದ ಹೊರಗೆ ತೆಗೆಯಲು ಎಷ್ಟು ಜನ ಬೇಕು. ಬಣ್ಣ, ಬ್ಲೂಟೂತ್, ಬಾಟಲಿ ಇಡುವ ಜಾಗ ಇವೆಲ್ಲ ಫೋಟೋದಲ್ಲೇ ಕಾಣುತ್ತವೆ.

"ಸ್ಟಿಕ್ಕರ್ ಮೇಲೆ 110 ಕೇಜಿ ಅಂತಿದೆ. ಅದು ಮಷೀನಿನ ತೂಕನಾ, ಮನುಷ್ಯನ ತೂಕನಾ?"

"ಮ್ಯಾಕ್ಸ್ ಯೂಸರ್ ವೇಟ್" ಅಂತ ಇದ್ದರೆ ಅದು ಓಡುವವರ ತೂಕ. "ನೆಟ್ ವೇಟ್" ಅಂದರೆ ಬರೀ ಮಷೀನಿನ ತೂಕ. "ಗ್ರಾಸ್ ವೇಟ್" ಅಂದರೆ ಡಬ್ಬ, ಥರ್ಮಾಕೋಲ್ ಎಲ್ಲ ಸೇರಿ. ಕೊನೆಯದು ಡಬ್ಬದ ಮೇಲೆ ಮಾತ್ರ ಇರುತ್ತದೆ, ಹಳೆಯ ಮಷೀನು ಮಾರುವಾಗ ಬೇಕಾಗುವುದಿಲ್ಲ.

ಈ ಸ್ಟಿಕ್ಕರ್ ಸಾಮಾನ್ಯವಾಗಿ ಮೋಟಾರಿನ ಮುಚ್ಚಳದ ಹತ್ತಿರ, ಫ್ರೇಮಿನ ಮುಂಭಾಗದಲ್ಲಿ ಇರುತ್ತದೆ. ಕೆಲವದರಲ್ಲಿ ಡೆಕ್, ಅಂದರೆ ಬೆಲ್ಟು ಸುತ್ತುವ ಹಲಗೆಯ ಭಾಗ, ಎತ್ತಿ ಮಡಚಿದರೆ ಅಡಿಯಲ್ಲಿ ಕಾಣುತ್ತದೆ. ಅಂಗಡಿಯವರು ಹೇಳಿದ್ದು, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಬೇಡ. ಒಂದೇ ಹೆಸರಿನ ಮಾಡೆಲ್‌ಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಮಿತಿ ಇರಬಹುದು. ಸ್ಟಿಕ್ಕರಿನದ್ದೇ ಫೋಟೋ ತೆಗೆದು ಹಾಕಿಬಿಡಿ. ಬರೆಯುವಾಗ ಬರೀ "110 ಕೇಜಿ" ಅನ್ನಬೇಡಿ, "110 ಕೇಜಿ ತೂಕದವರ ತನಕ ಬಳಸಬಹುದು" ಅನ್ನಿ.

"ನಾನು 102 ಕೇಜಿ ಇದ್ದೀನಿ. 110 ಅಂತ ಬರೆದಿರೋದನ್ನ ತಗೋಬಹುದಾ?"

ನಡೆಯುವುದಕ್ಕಾದರೆ ತೊಂದರೆ ಇಲ್ಲ. ದಿನಾ ಓಡಬೇಕು ಅಂದರೆ ನಾನು ಬೇಡ ಅನ್ನುತ್ತೇನೆ. ನಡೆಯುವಾಗ ಒಂದಲ್ಲ ಒಂದು ಕಾಲು ಬೆಲ್ಟಿನ ಮೇಲೆ ಇದ್ದೇ ಇರುತ್ತದೆ. ಓಡುವಾಗ ಎರಡೂ ಕಾಲು ಗಾಳಿಯಲ್ಲಿದ್ದು, ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಪಟ್ಟಿಗೂ ಜಾಸ್ತಿ ಭಾರ ಡೆಕ್ ಮೇಲೆ ಬೀಳುತ್ತದೆ. ಹೊಸ ಮಷೀನು ಇದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಆದರೆ ಐದಾರು ವರ್ಷ ತುಳಿದ ಡೆಕ್, ಸವೆದ ಬೆಲ್ಟು ಹೊಸದರಂತೆ ಇರುವುದಿಲ್ಲ ಅಲ್ವಾ? ಹಳೆಯದನ್ನು ಕೊಳ್ಳುವವರು ಮಿತಿಗಿಂತ ಇಪ್ಪತ್ತು ಕೇಜಿಯಾದರೂ ಕೆಳಗಿದ್ದರೆ ಒಳ್ಳೆಯದು ಎನ್ನುವುದು ನನ್ನ ಲೆಕ್ಕ. ಇದು ನಿಯಮವಲ್ಲ.

ಮಾರುವವರು ಮಾಡಬಹುದಾದ ಒಂದು ಉಪಕಾರ ಇದೆ. ಮನೆಯಲ್ಲಿ ಯಾರು ಬಳಸಿದರು, ಹೇಗೆ ಬಳಸಿದರು ಅಂತ ಒಂದು ಸಾಲು ಬರೆಯಿರಿ. "70 ಕೇಜಿಯ ಒಬ್ಬರು, ದಿನಕ್ಕೆ ಅರ್ಧ ಗಂಟೆ, ಬರೀ ನಡಿಗೆ" ಅಂದರೆ ಕೊಳ್ಳುವವರಿಗೆ ಮಿತಿಯ ಅಂಕಿಗಿಂತ ಜಾಸ್ತಿ ಗೊತ್ತಾಗುತ್ತದೆ.

"ಮಷೀನಿನ ತೂಕ ಎಲ್ಲೂ ಬರೆದಿಲ್ಲ. ಇಷ್ಟು ದೊಡ್ಡದನ್ನ ತೂಗೋದು ಹೇಗೆ?"

ಮನೆಯಲ್ಲಿ ತೂಕ ನೋಡಿಕೊಳ್ಳುವ ಸ್ಕೇಲ್ ಇದ್ದರೆ ಸಾಕು. ಮಷೀನನ್ನು ಬಿಚ್ಚಿ ಹಾಸಿದ ಸ್ಥಿತಿಯಲ್ಲೇ ಇಡಿ. ಹಿಂಬದಿಯ ಎರಡೂ ಕಾಲು ಕೂರುವಂತೆ ಒಂದು ಹಲಗೆ ಇಟ್ಟು, ಅದರ ನಡುವೆ ಕೆಳಗೆ ಸ್ಕೇಲ್ ಇಡಿ. ಮುಂಬದಿಯ ಕಾಲುಗಳಿಗೆ ಅಷ್ಟೇ ಎತ್ತರದ ಮರದ ತುಂಡು ಕೊಡಿ, ಮಷೀನು ಮಟ್ಟವಾಗಿರಬೇಕು. ಅಂಕಿ ಬರೆದುಕೊಳ್ಳಿ. ಆಮೇಲೆ ಅದಲು ಬದಲು ಮಾಡಿ, ಸ್ಕೇಲನ್ನು ಮುಂದಕ್ಕೆ, ಮರದ ತುಂಡನ್ನು ಹಿಂದಕ್ಕೆ. ಎರಡೂ ಅಂಕಿ ಕೂಡಿಸಿ ಹಲಗೆಯ ತೂಕ ಎರಡು ಸಲ ಕಳೆದರೆ ಮಷೀನಿನ ತೂಕ.

ನನ್ನದರಲ್ಲಿ ಹಲಗೆ ಕಳೆದ ಮೇಲೆ ಹಿಂದೆ 22, ಮುಂದೆ 36 ಬಂತು. ಒಟ್ಟು 58 ಕೇಜಿ. ಇದರಿಂದ ಇನ್ನೊಂದು ಲಾಭವೂ ಆಯಿತು. ಮೋಟಾರ್ ಕಡೆಯೇ ಭಾರ ಅಂತ ಎಲ್ಲರಿಗೂ ಗೊತ್ತು, ಎಷ್ಟು ಭಾರ ಅಂತ ಈಗ ಗೊತ್ತಾಯಿತು. ಹೊರುವವರಿಗೆ ಬೇಕಾದದ್ದು ಈ ಎರಡು ಅಂಕಿಗಳು.

### ಅಳತೆ

"ಉದ್ದ, ಅಗಲ ಯಾವುದು ಕೊಡಲಿ? ಮಡಚಿದ್ದಾ, ಬಿಚ್ಚಿದ್ದಾ?"

ಎರಡೂ ಬೇಕು, ಜೊತೆಗೆ ಬೆಲ್ಟಿನ ಅಳತೆಯೂ ಬೇಕು. ಮೂರೂ ಮೂರು ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಬಿಚ್ಚಿದ ಅಳತೆ ರೂಮಿನಲ್ಲಿ ಜಾಗ ಇದೆಯಾ ಅಂತ ನೋಡಲು. ನನ್ನದು 162 ಸೆಂ.ಮೀ. ಉದ್ದ, 74 ಅಗಲ, 128 ಎತ್ತರ. ಇದರ ಹಿಂದೆ ಖಾಲಿ ಜಾಗವೂ ಬೇಕು. ಎಡವಿದರೆ ಬೆಲ್ಟು ಮನುಷ್ಯನನ್ನು ಹಿಂದಕ್ಕೇ ಎಸೆಯುತ್ತದೆ, ಅಲ್ಲಿ ಗೋಡೆಯೋ ಬೀರುವೋ ಇರಬಾರದು. ಎಷ್ಟೋ ಮ್ಯಾನುಯಲ್‌ಗಳಲ್ಲಿ ಹಿಂದೆ 2 ಮೀಟರ್, ಪಕ್ಕಕ್ಕೆ ಅರ್ಧ ಮೀಟರ್ ಬಿಡಿ ಅಂತ ಇರುತ್ತದೆ.

ಮಡಚಿದ ಅಳತೆ ಮೂಲೆಯಲ್ಲಿ ನಿಲ್ಲಿಸಲು ಮತ್ತು ಸಾಗಿಸಲು. ನನ್ನದು ಮಡಚಿದರೆ ನೆಲದ ಮೇಲೆ 95 ಉದ್ದ, ಅಗಲ ಅದೇ 74, ಎತ್ತರ 140. ಮಡಚಿದರೆ ಅಗಲ ಕಡಿಮೆಯಾಗುವುದಿಲ್ಲ ಎನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ.

ಬೆಲ್ಟಿನ ಅಳತೆ ಯಾರು ಬಳಸಬಹುದು ಅಂತ ತಿಳಿಯಲು. ಕಾಲಿಡುವ ಜಾಗ ಮಾತ್ರ ಅಳೆಯಿರಿ, ಪಕ್ಕದ ಪ್ಲಾಸ್ಟಿಕ್ ಪಟ್ಟಿ ಸೇರಿಸಬೇಡಿ. ನನ್ನದು 120 ಉದ್ದ, 42 ಅಗಲ. ನಡೆಯಲು ಧಾರಾಳ. ಆರಡಿ ಎತ್ತರದವರು ಓಡಿದರೆ ಹೆಜ್ಜೆ ಬೆಲ್ಟಿನ ತುದಿಗೆ ಬೀಳುತ್ತದೆ.

ಇನ್ನೊಂದು ಮಾತು. ಅಗಲ ಅಳೆಯುವಾಗ ಎಲ್ಲಕ್ಕಿಂತ ಅಗಲವಾದ ಕಡೆ ಅಳೆಯಿರಿ. ನನ್ನದರಲ್ಲಿ ಹಿಡಿಕೆಗಳ ಹತ್ತಿರ 74, ಕೆಳಗಿನ ಡೆಕ್ 66 ಮಾತ್ರ. ಈ ಎಂಟು ಸೆಂ.ಮೀ. ಯಾಕೆ ಮುಖ್ಯ ಅಂತ ಲಿಫ್ಟಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

"ನಮ್ಮ ರೂಮಲ್ಲಿ ಲಾಫ್ಟ್ ಕೆಳಗೆ ಇಡೋಣ ಅಂತ. ತಲೆ ತಾಗುತ್ತಾ?"

ಇದಕ್ಕೆ ಉತ್ತರ ಹೇಳಲು ಮಾರುವವರು ಒಂದು ಅಳತೆ ಕೊಡಬೇಕು, ನೆಲದಿಂದ ಬೆಲ್ಟಿನ ಮೇಲ್ಮೈಗೆ ಎಷ್ಟು ಎತ್ತರ ಅಂತ. ಯಾರೂ ಕೊಡುವುದಿಲ್ಲ. ನನ್ನದು 18 ಸೆಂ.ಮೀ. ಇತ್ತು.

ಲೆಕ್ಕ ಸುಲಭ. 178 ಸೆಂ.ಮೀ., ಅಂದರೆ ಸುಮಾರು ಐದಡಿ ಹತ್ತಿಂಚಿನವರು ಬೆಲ್ಟ್ ಮೇಲೆ ನಿಂತರೆ ತಲೆ 196ಕ್ಕೆ ಬರುತ್ತದೆ. ಓಡುವಾಗ ಮೇಲೆದ್ದು ಇಳಿಯುವುದಕ್ಕೆ ಹತ್ತು ಸೇರಿಸಿ, 206. ಏಳಡಿಯ ಲಾಫ್ಟ್ ಅಂದರೆ 213. ನಡೆಯಬಹುದು, ಓಡಿದರೆ ಕಷ್ಟ, ಇನ್‌ಕ್ಲೈನ್, ಅಂದರೆ ಬೆಲ್ಟಿನ ಮುಂಭಾಗದ ಏರು, ಜಾಸ್ತಿ ಮಾಡಿದರೆ ಇನ್ನೂ ಕಷ್ಟ. ಫ್ಯಾನಿನ ಕೆಳಗೆ ಇಡುವುದಂತೂ ಬೇಡವೇ ಬೇಡ.

### ಮೋಟಾರ್

"ಮುಚ್ಚಳದ ಮೇಲೆ 4 ಎಚ್‌ಪಿ, ಒಳಗೆ ಮೋಟಾರ್ ಮೇಲೆ 1.5 ಎಚ್‌ಪಿ. ಯಾವುದು ನಿಜ?"

ಎರಡೂ ನಿಜ, ಆದರೆ ಕೊಳ್ಳುವವರಿಗೆ ಬೇಕಾದದ್ದು 1.5. ದೊಡ್ಡ ಅಂಕಿ "ಪೀಕ್", ಅಂದರೆ ಮೋಟಾರ್ ಒಂದು ಕ್ಷಣ ಏರಬಹುದಾದ ಮಟ್ಟ. ಚಿಕ್ಕದು "ಕಂಟಿನ್ಯುಯಸ್", ಅಂದರೆ ಅರ್ಧ ಗಂಟೆ, ಒಂದು ಗಂಟೆ ಬಿಸಿಯಾಗದೆ ಕೊಡುತ್ತಲೇ ಇರುವ ಶಕ್ತಿ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ ನೋಡಿ. ಒಂದು ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. 4 ಎಚ್‌ಪಿ ಅಂದರೆ ಹತ್ತಿರ ಹತ್ತಿರ 3000 ವ್ಯಾಟ್, ಸ್ನಾನದ ಮನೆಯ ಇನ್‌ಸ್ಟಂಟ್ ಗೀಸರಿನಷ್ಟು. ನನ್ನ ಮಷೀನಿನ ವೈರಿಗೆ ಇದ್ದದ್ದು 10 ಆಂಪ್ ಫ್ಯೂಸ್. 230 ವೋಲ್ಟಿಗೆ ಅದು ಬಿಡುವುದೇ 2300 ವ್ಯಾಟ್. ಹಾಗಿರುವಾಗ 4 ಎಚ್‌ಪಿ ಒಂದೇ ಸಮ ಎಲ್ಲಿಂದ ಬರಬೇಕು? 1.5 ಎಚ್‌ಪಿ ಅಂದರೆ 1120 ವ್ಯಾಟ್ ಆಸುಪಾಸು, ಅದು ಹೊಂದುತ್ತದೆ.

ಮೋಟಾರಿನ ಪ್ಲೇಟ್ ನೋಡಬೇಕಾದರೆ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ. ಒಳಗಿನ ಕಂಟ್ರೋಲರ್ ಬೋರ್ಡಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ, ಸುಮ್ನೆ ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಮುಚ್ಚಳದ ಸ್ಕ್ರೂ ಬಿಚ್ಚಿ, ಏನನ್ನೂ ಮುಟ್ಟದೆ ಫೋಟೋ ತೆಗೆದುಕೊಳ್ಳಿ. ಬಿಚ್ಚಲು ಇಷ್ಟವಿಲ್ಲವಾ? "4 ಎಚ್‌ಪಿ ಪೀಕ್ ಅಂತ ಮೇಲೆ ಬರೆದಿದೆ, ಕಂಟಿನ್ಯುಯಸ್ ನೋಡಿಲ್ಲ" ಅಂತ ಇದ್ದದ್ದು ಇದ್ದಹಾಗೆ ಬರೆಯಿರಿ.

"ಯಾವ ಪ್ಲಗ್ಗಿಗೆ ಹಾಕಬೇಕು? ಇನ್ವರ್ಟರಲ್ಲಿ ಓಡುತ್ತಾ?"

16 ಆಂಪಿನ ಪವರ್ ಪ್ಲಗ್ಗೇ ಸರಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅರ್ಥಿಂಗ್ ಬೇಕು. ಮನೆಯ ಇನ್ವರ್ಟರ್ ಇದಕ್ಕಲ್ಲ. ಅಮೆರಿಕದಿಂದ ಸಾಮಾನಿನ ಜೊತೆ ತಂದ ಮಷೀನಾದರೆ ಪ್ಲೇಟಿನಲ್ಲಿ 120 ವೋಲ್ಟ್ ಅಂತ ಇದೆಯಾ ನೋಡಿ. ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು, ಟ್ರಾನ್ಸ್‌ಫಾರ್ಮರ್ ಜೊತೆಗೆ ಕೊಡುತ್ತೀರಾ ಅಂತಲೂ ಹೇಳಬೇಕು. ಗೊತ್ತಿಲ್ಲದೆ ನೇರ ಹಾಕಿದರೆ ಬೋರ್ಡ್ ಸುಟ್ಟು ಹೋಗುತ್ತದೆ.

### ಸ್ಥಿತಿ ಹೇಗಿದೆ ಅಂತ ಹೇಳುವುದು

"'ಒಳ್ಳೆ ಕಂಡೀಷನ್' ಅಂದರೆ ಯಾರೂ ನಂಬಲ್ಲ. ಏನು ತೋರಿಸಲಿ?"

ಬೆಲ್ಟಿನ ವೇಗ ಅಳೆದು ತೋರಿಸಿ. ಇದಕ್ಕೆ ಬೇಕಾದದ್ದು ಸೀಮೆಸುಣ್ಣ, ಟೇಪು, ಫೋನು, ಅಷ್ಟೇ.

ಮಷೀನು ಆಫ್ ಇರುವಾಗ ಬೆಲ್ಟಿನ ಮೇಲೆ ಅಡ್ಡ ಗೆರೆ ಎಳೆಯಿರಿ. ಬೆಲ್ಟನ್ನು ಕೈಯಿಂದ ಸರಿಸುತ್ತಾ ಒಂದು ಸುತ್ತಿನ ಪೂರ್ತಿ ಉದ್ದ ಅಳೆಯಿರಿ. ನನ್ನದು 250 ಸೆಂ.ಮೀ., ಅಂದರೆ ಎರಡೂವರೆ ಮೀಟರ್. ಈಗ ಗಂಟೆಗೆ 6 ಕಿ.ಮೀ. ವೇಗಕ್ಕೆ ಇಡಿ. ಅಷ್ಟು ವೇಗ ಅಂದರೆ ನಿಮಿಷಕ್ಕೆ 100 ಮೀಟರ್. 100ನ್ನು ಎರಡೂವರೆಯಿಂದ ಭಾಗಿಸಿದರೆ 40. ಒಂದು ನಿಮಿಷದಲ್ಲಿ ಸೀಮೆಸುಣ್ಣದ ಗೆರೆ 40 ಸಲ ಬರಬೇಕು. ಪಕ್ಕದಲ್ಲಿ ನಿಂತು ವಿಡಿಯೋ ತೆಗೆದು ಆಮೇಲೆ ನಿಧಾನವಾಗಿ ಎಣಿಸಿ, ಬೆಲ್ಟಿನ ಹತ್ತಿರ ಬಗ್ಗಬೇಡಿ.

ಮೊದಲು ಖಾಲಿ ಓಡಿಸಿ, ನಂತರ ಒಬ್ಬರು ನಡೆಯುತ್ತಿರುವಾಗ ಎಣಿಸಿ. ನನಗೆ ಖಾಲಿ ಇದ್ದಾಗ 40, ನಾನು ನಡೆದಾಗ 39 ಬಂತು. ಇದು ಚೆನ್ನಾಗಿದೆ. ಜನ ಹತ್ತಿದ ಕೂಡಲೇ 40 ಇದ್ದದ್ದು 33ಕ್ಕೋ 34ಕ್ಕೋ ಇಳಿದರೆ ಬೆಲ್ಟು ಜಾರುತ್ತಿದೆ, ಇಲ್ಲವೇ ಮೋಟಾರಿಗೆ ಎಳೆಯಲು ಆಗುತ್ತಿಲ್ಲ. ಈ ವಿಡಿಯೋ ಕಳಿಸಿದ ಮೇಲೆ ನನ್ನನ್ನು ಯಾರೂ "ನಿಜ ಹೇಳಿ, ಏನು ಪ್ರಾಬ್ಲಮ್ಮು?" ಅಂತ ಕೇಳಲಿಲ್ಲ.

"ನಡೀವಾಗ ಬೆಲ್ಟು ತಡೆದು ತಡೆದು ಹೋಗುತ್ತೆ. ಹೇಳದೆ ಮಾರಿದರೆ ತಪ್ಪಾ?"

ತಪ್ಪೇ. ಆದರೆ ಮೊದಲು ಅದು ದೊಡ್ಡ ರೋಗವೋ ಚಿಕ್ಕದೋ ನೋಡಿ, ಎಷ್ಟೋ ಸಲ ಸಾವಿರ ರೂಪಾಯಿಯೂ ಬೇಡ. ಪ್ಲಗ್ ಕಿತ್ತು, ಬೆಲ್ಟಿನ ಕೆಳಗೆ ಕೈ ತೂರಿಸಿ ಡೆಕ್ ಸವರಿ. ಬೆರಳಿಗೆ ಜಿಡ್ಡು ಹತ್ತಬೇಕು. ಒಣಗಿದ್ದರೆ ಸಿಲಿಕೋನ್ ಎಣ್ಣೆ ಬೇಕು. ಅಡುಗೆ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ತುಕ್ಕಿಗೆ ಹೊಡೆಯುವ ಸ್ಪ್ರೇ ಯಾವುದೂ ಬೇಡ, ಅವು ಬೆಲ್ಟನ್ನು ಹಾಳುಮಾಡುತ್ತವೆ. ಒಣ ಬೆಲ್ಟು ಎಳೆಯಲು ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೊನೆಗೆ ಬಲಿಯಾಗುವುದು ಕಂಟ್ರೋಲರ್ ಬೋರ್ಡು.

ಎಣ್ಣೆ ಇದ್ದೂ ಜಾರಿದರೆ ಬೆಲ್ಟು ಸಡಿಲ ಇರಬಹುದು. ನಡುಭಾಗದಲ್ಲಿ ಅಂಚು ಹಿಡಿದು ಎತ್ತಿದರೆ ಐದರಿಂದ ಏಳು ಸೆಂ.ಮೀ. ಮೇಲೇಳುವುದು ಸಾಮಾನ್ಯ. ಅದಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ರೋಲರಿನ ಎರಡೂ ಬೋಲ್ಟುಗಳನ್ನು ಅಲೆನ್ ಕೀಯಿಂದ ಕಾಲು ಕಾಲು ಸುತ್ತು ಸಮವಾಗಿ ಬಿಗಿಮಾಡಿ. ಒಂದೇ ಕಡೆ ತಿರುಗಿಸಿದರೆ ಬೆಲ್ಟು ಪಕ್ಕಕ್ಕೆ ಸರಿಯುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ, ಅಥವಾ ಡೆಕ್ ಕೈಗೆ ಒರಟಾಗಿ ಪದರ ಎದ್ದಂತೆ ಸಿಕ್ಕರೆ, ರಿಪೇರಿ ಬೇಕು ಅಂತ ಬರೆದು ಬೆಲೆ ಇಳಿಸಿ.

### ಸಾಗಿಸುವುದು

"ಚಕ್ರ ಇದೆಯಲ್ಲ, ಒಬ್ಬರೇ ಬಂದು ತಳ್ಳಿಕೊಂಡು ಹೋಗಬಹುದು ಅಲ್ವಾ?"

ಚಕ್ರ ಇರುವುದು ಒಂದೇ ಮಟ್ಟದ ನೆಲದ ಮೇಲೆ ರೂಮಿಂದ ರೂಮಿಗೆ ತಳ್ಳಲು. ಒಂದು ಹೊಸಿಲು ಬಂದರೂ ಅದು ನಿಲ್ಲುತ್ತದೆ. ಮೆಟ್ಟಿಲಲ್ಲಿ ಚಕ್ರದ ಮೇಲೆ ಇಳಿಸಲು ಹೋಗಬೇಡಿ. ಪ್ರತಿ ಮೆಟ್ಟಿಲಿಗೂ ದಡ್ ಅಂತ ಬಿದ್ದು ಮಡಚಿದ ಲಾಕ್ ಬಿಟ್ಟುಕೊಂಡರೆ, ಡೆಕ್ ಪೂರ್ತಿ ತೆರೆದುಕೊಂಡು ಕೆಳಗಿರುವವರ ಮೇಲೆ ಬೀಳುತ್ತದೆ.

58 ಕೇಜಿಯನ್ನು ಎರಡು ಮಹಡಿ ಇಳಿಸಲು ನಮಗೆ ಮೂರು ಜನ ಬೇಕಾದರು, ಮೋಟಾರ್ ಕಡೆ ಇಬ್ಬರು, ಹಿಂದೆ ಒಬ್ಬರು. ನಾಲ್ಕನೆಯವನಾಗಿ ನಾನು "ಎಡಕ್ಕೆ, ಬಲಕ್ಕೆ" ಅನ್ನುತ್ತಿದ್ದೆ, ಅದೂ ಬೇಕು! ಆದ್ದರಿಂದ ಮಹಡಿ ಎಷ್ಟನೆಯದು, ಲಿಫ್ಟ್ ಇದೆಯಾ, ಮೆಟ್ಟಿಲ ಅಗಲ ಎಷ್ಟು, ತಿರುವು ಎಷ್ಟು, ಗಾಡಿ ಎಲ್ಲಿತನಕ ಬರುತ್ತದೆ, ನೀವು ಕೈ ಕೊಡುತ್ತೀರಾ ಇಲ್ಲವಾ, ಇವನ್ನೆಲ್ಲ ಬರೆಯಿರಿ. ಸೊಂಟ ನೋವಿದ್ದರೆ "ನನ್ನಿಂದ ಎತ್ತಲು ಆಗುವುದಿಲ್ಲ" ಅಂತ ಬರೆಯಲು ನಾಚಿಕೆ ಬೇಡ. ಅಪಾರ್ಟ್‌ಮೆಂಟ್ ಆದರೆ ಗೇಟ್ ಪಾಸ್ ಬೇಕಾ, ಸಾಮಾನು ಸಾಗಿಸಲು ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

"ಲಿಫ್ಟಲ್ಲಿ ಹೋಗುತ್ತಾ? ಇಲ್ಲ, ಬಿಚ್ಚಿ ಕೊಡಬೇಕಾ?"

ನನ್ನ ಮಷೀನು ಕೊಂಡವರ ಮನೆಯಲ್ಲಿ ಆರು ಜನರ ಲಿಫ್ಟಿತ್ತು. ಒಳಗೆ "6 ಜನ, 408 ಕೇಜಿ" ಅಂತ ಬರೆದಿತ್ತು, ಅಂದರೆ ಒಬ್ಬರಿಗೆ 68 ಕೇಜಿ ಲೆಕ್ಕ. ಭಾರ ತಲೆನೋವೇ ಅಲ್ಲ, ಬಾಗಿಲು ತಲೆನೋವು. ತೆರೆದಾಗ ಸಿಗುವ ಜಾಗ 70 ಸೆಂ.ಮೀ. ನಾನು ಕೊಟ್ಟಿದ್ದ ಅಗಲ 74. ಫೋನಿನಲ್ಲೇ ಇದು ಗೊತ್ತಾದದ್ದು ಒಳ್ಳೆಯದಾಯಿತು. ಹಿಡಿಕೆ ಮತ್ತು ಕಂಬಗಳನ್ನು ಬಿಚ್ಚಿದರೆ ಉಳಿಯುವ ಡೆಕ್ 66, ಅದನ್ನು ನಿಲ್ಲಿಸಿ ಒಳಗೆ ತೂರಿಸಬಹುದು. ಹಾಗೇ ಮಾಡಿದೆವು.

ಬಿಚ್ಚುವಾಗ ಎಚ್ಚರ ಬೇಕಾದದ್ದು ಎರಡು ಕಡೆ. ಡಿಸ್‌ಪ್ಲೇಯಿಂದ ಕೆಳಗಿನ ಬೋರ್ಡಿಗೆ ಒಂದು ವೈರು ಕಂಬದ ಒಳಗಿಂದ ಹೋಗುತ್ತದೆ. ಅದರ ಕನೆಕ್ಟರ್ ಮೊದಲು ಬಿಡಿಸಿ, ಆಮೇಲೆ ಬೋಲ್ಟ್ ಬಿಚ್ಚಿ. ವಾಪಸ್ ಜೋಡಿಸುವಾಗ ವೈರು ಕಂಬದ ಅಡಿ ಸಿಕ್ಕಿ ಜಜ್ಜಿದರೆ ಡಿಸ್‌ಪ್ಲೇ ಬರುವುದಿಲ್ಲ, ಅಥವಾ ಎರರ್ ತೋರಿಸುತ್ತದೆ. "ನಿಮ್ಮ ಮನೇಲಿ ಓಡ್ತಿತ್ತು, ನಮ್ಮನೇಲಿ ಓಡ್ತಿಲ್ಲ" ಅಂತ ಬರುವ ಫೋನುಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಇನ್ನೊಂದು, ಕಂಬ ತೆಗೆದ ಮೇಲೆ ಡೆಕ್ ಮತ್ತು ಕೆಳಗಿನ ಫ್ರೇಮ್ ಬೇರೆ ಬೇರೆಯಾಗಿ ಆಡುತ್ತವೆ. ಎರಡನ್ನೂ ಹಗ್ಗದಿಂದ ಎರಡು ಕಡೆ ಬಿಗಿದು ಕಟ್ಟಿ.

ಬೋಲ್ಟುಗಳನ್ನು ಒಂದು ಕವರಿಗೆ ಹಾಕಿ, ಸೇಫ್ಟಿ ಕೀ ಜೊತೆಗೆ, ಕೊಳ್ಳುವವರ ಕೈಗೇ ಕೊಡಿ. ಸೇಫ್ಟಿ ಕೀ ಕಳೆದರೆ ಮಷೀನು ಸ್ಟಾರ್ಟೇ ಆಗುವುದಿಲ್ಲ.

"ಯಾವ ಗಾಡಿ ತರಬೇಕು?"

ಟಾಟಾ ಏಸ್ ಸಾಕು, ಹಿಂದೆ ಸುಮಾರು ಏಳಡಿ ಉದ್ದ ಇರುತ್ತದೆ. ಮಡಚಿ ನಿಲ್ಲಿಸಿದರೆ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಬೆಲ್ಟು ಮೇಲೆ ಬರುವಂತೆ ಮಲಗಿಸಿ, ಕೆಳಗೆ ಹಳೇ ಹಾಸಿಗೆ ಹಾಕಿ ಕಟ್ಟುವುದು ವಾಸಿ. ಮಳೆಗಾಲದಲ್ಲಿ ಮೋಟಾರ್ ಕಡೆ ಟಾರ್ಪಾಲು ಬೇಕೇ ಬೇಕು.

"ನಮ್ಮದು ಟ್ರೆಡ್‌ಮಿಲ್ ಅಲ್ಲ, ಮಲ್ಟಿಜಿಮ್. ಅದಕ್ಕೂ ಇದೇನಾ?"

ಮೋಟಾರ್ ಇಲ್ಲ, ಅದೊಂದು ನೆಮ್ಮದಿ. ಅದರಲ್ಲಿ ತೂಕ ಮೂರು ಇರುತ್ತವೆ. ಕೂರುವವರ ಮಿತಿ, ಎಳೆಯುವ ಪ್ಲೇಟುಗಳ ಒಟ್ಟು ತೂಕ, ಬರೀ ಫ್ರೇಮಿನ ತೂಕ. ಪ್ಲೇಟಿನ ಮೇಲಿನ ಅಂಕಿ ಪೌಂಡಿನಲ್ಲಿದೆಯಾ ಕೇಜಿಯಲ್ಲಿದೆಯಾ ನೋಡಿ, 150 ಪೌಂಡ್ ಅಂದರೆ 68 ಕೇಜಿ ಮಾತ್ರ. ಪ್ಲೇಟುಗಳನ್ನು ಬಿಡಿಸಿ ಒಂದೊಂದಾಗಿ ಇಳಿಸಬಹುದು, ಆದರೆ ಕೇಬಲ್ ಯಾವ ರಾಟೆಯ ಮೇಲೆ ಹೇಗೆ ಹೋಗಿದೆ ಅಂತ ಬಿಚ್ಚುವ ಮುಂಚೆ ಫೋಟೋ ತೆಗೆದಿಡದಿದ್ದರೆ ಜೋಡಿಸುವವರು ನಿಮ್ಮನ್ನು ಬೈದುಕೊಳ್ಳುತ್ತಾರೆ.

"ಕೊನೆಗೆ ನೀವು ಏನಂತ ಬರೆದಿರಿ? ಹಾಗೇ ತೋರಿಸಿ."

"ಮಡಚುವ ಟ್ರೆಡ್‌ಮಿಲ್, ಐದು ವರ್ಷ ಹಳೆಯದು, 70 ಕೇಜಿಯ ಒಬ್ಬರು ನಡಿಗೆಗೆ ಬಳಸಿದ್ದು. 110 ಕೇಜಿ ತೂಕದವರ ತನಕ ಬಳಸಬಹುದು, ಸ್ಟಿಕ್ಕರ್ ಫೋಟೋ ಇದೆ. ಮೋಟಾರ್ 1.5 ಎಚ್‌ಪಿ ಕಂಟಿನ್ಯುಯಸ್, ಮುಚ್ಚಳದ ಮೇಲಿನ 4 ಎಚ್‌ಪಿ ಪೀಕ್. 230 ವೋಲ್ಟ್, 16 ಆಂಪ್ ಪ್ಲಗ್. ಬೆಲ್ಟ್ 120 × 42 ಸೆಂ.ಮೀ., ನೆಲದಿಂದ 18 ಎತ್ತರ. ಬಿಚ್ಚಿದಾಗ 162 × 74 × 128, ಮಡಚಿದಾಗ 95 × 74 × 140. ಹಿಡಿಕೆ ಬಿಚ್ಚಿದರೆ ಅಗಲ 66. ಮಷೀನಿನ ತೂಕ 58 ಕೇಜಿ, ಮೋಟಾರ್ ಕಡೆ 36. ಎಡಗಡೆ ಹಿಡಿಕೆಯ ಸ್ಪೀಡ್ ಬಟನ್ ಕೆಲಸ ಮಾಡುವುದಿಲ್ಲ, ಡಿಸ್‌ಪ್ಲೇ ಮೇಲಿನದು ಮಾಡುತ್ತದೆ. ವೇಗ ಅಳೆದ ವಿಡಿಯೋ ಕಳಿಸುತ್ತೇನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಮೂರಡಿ ಅಗಲ, ಪ್ರತಿ ಮಹಡಿಗೂ ಒಂದು ತಿರುವು. ಮೂರು ಜನ ಬೇಕು, ದಾರಿ ತೋರಿಸಲು ನಾನಿರುತ್ತೇನೆ, ಎತ್ತಲು ಆಗುವುದಿಲ್ಲ. ಟಾಟಾ ಏಸ್ ಗೇಟಿನ ತನಕ ಬರುತ್ತದೆ. ಬಂದು ಹದಿನೈದು ನಿಮಿಷ ನಡೆದು ನೋಡಿ, ಆಮೇಲೆ ದುಡ್ಡು."